ಮಕ್ಕಳಿಗೆ ಹೊಂದುವ ಬಚ್ಚಲು: ಸ್ಟೂಲಿಗಿಂತ ಮೊದಲು ಬಿಸಿನೀರು

ಮಗುವಿಗೆ ಮೂರು ತುಂಬುತ್ತಿದ್ದಂತೆ ಮನೆಯವರಿಗೆ ಮೊದಲು ನೆನಪಾಗುವುದು ಸ್ಟೂಲು. ಪೇಟೆಯಿಂದ ಬಣ್ಣದ ಪ್ಲಾಸ್ಟಿಕ್ ಸ್ಟೂಲೊಂದು ಬರುತ್ತದೆ, ವಾಶ್ ಬೇಸಿನ್ನಿನ ಮುಂದೆ ಕೂರುತ್ತದೆ, ಮಗು ತಾನೇ ಕೈ ತೊಳೆದುಕೊಂಡಿತೆಂದು ಎಲ್ಲರಿಗೂ ಖುಷಿಯಾಗುತ್ತದೆ. ಆದರೆ ಆ ಸ್ಟೂಲು ಮಗುವಿನ ಕೈಗೆ ಎಟುಕಿಸುವುದು ತಣ್ಣೀರಿನ ನಲ್ಲಿಯೊಂದನ್ನೇ ಅಲ್ಲ. ಬಿಸಿನೀರಿನ ಹಿಡಿಕೆ, ಅಪ್ಪನ ರೇಜರ್, ಕಿಟಕಿಯ ದಂಡೆಯ ಮೇಲಿನ ಫಿನಾಯಿಲ್ ಬಾಟಲಿ ಎಲ್ಲವೂ ಅದೇ ದಿನ ಹತ್ತಿರಕ್ಕೆ ಬರುತ್ತವೆ.

ಮನೆ ಕಟ್ಟಿಸುವ, ದುರಸ್ತಿ ಮಾಡಿಸುವ ಕೆಲಸದ ಉಸ್ತುವಾರಿ ಮಾಡುವ ನಾನು ಈ ಕಾರಣಕ್ಕೆ ಎಲ್ಲರಿಗೂ ಒಂದೇ ಕ್ರಮ ಹೇಳುತ್ತೇನೆ. ಮೊದಲು ಬಿಸಿನೀರನ್ನು ಹದಕ್ಕೆ ತನ್ನಿ. ಆಮೇಲೆ ನೆಲ ನೋಡಿ. ಮೂರನೆಯದಾಗಿ ಸ್ಟೂಲಿನ ಅಳತೆ ತೆಗೆದು, ಆ ಅಳತೆಯಿಂದಲೇ ಸಾಮಾನು ಎಲ್ಲಿಡಬೇಕೆಂದು ಲೆಕ್ಕ ಹಾಕಿ. ಸ್ಟೂಲು ಕೊನೆಗೆ ಒಳಗೆ ಬರಲಿ.

ಮಾತು ಹಿಡಿತದಲ್ಲಿರಲೆಂದು ಒಂದೇ ಮನೆಯನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಶಿರಸಿ ಸೀಮೆಯಲ್ಲಿ ಸಾಮಾನ್ಯವಾಗಿ ಕಾಣುವಂಥ ಮನೆ ಅದು. ಹಿಂಬದಿಯಲ್ಲಿ ಹಂಡೆ ಒಲೆಯ ಹಳೆಯ ಬಚ್ಚಲು, ಒಳಗೆ ಈಚೆಗೆ ಕಟ್ಟಿಸಿದ, 2.4 ಮೀಟರ್ ಉದ್ದ ಒಂದೂವರೆ ಮೀಟರ್ ಅಗಲದ ಬಾತ್‌ರೂಮು, ತಾರಸಿಯ ಮೇಲೆ ಸೋಲಾರ್. ಬೇಸಿನ್ನಿನ ಅಂಚು ನೆಲದಿಂದ 82 ಸೆಂ.ಮೀ. ಎತ್ತರದಲ್ಲಿದೆ. ಮನೆಯಲ್ಲಿ ಮೂರು ವರ್ಷದ ಹುಡುಗಿ, ಎತ್ತರ 95 ಸೆಂ.ಮೀ. ಅವಳಿಗೆ ಸ್ನಾನ ಮಾಡಿಸುವುದು ಹೆಚ್ಚಾಗಿ ಅವಳ ಅಮ್ಮಮ್ಮ.

ಮೊದಲ ಹೆಜ್ಜೆ: ನೀರಿನ ಬಿಸಿಯನ್ನು ಅಳೆಯಿರಿ

ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತರಿಸಿಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದು 42–43 ಡಿಗ್ರಿಗೆ ನಿಂತುಬಿಡುತ್ತದೆ. ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, ಎರಡು ಮೂರು ನಿಮಿಷ ಹರಿಯಲು ಬಿಟ್ಟು, ಒಂದು ಲೋಟದಲ್ಲಿ ಹಿಡಿದು ಅಳೆಯಿರಿ. ಸೋಲಾರ್ ಇದ್ದರೆ ಬಿಸಿಲಿನ ದಿನದ ಸಂಜೆ ಅಳೆಯಬೇಕು. ಮಳೆಗಾಲದ ಬೆಳಗಿನ ಅಳತೆ ನಂಬಿ ಕುಳಿತರೆ ಏಪ್ರಿಲ್ ಬಂದಾಗ ಮೋಸ ಹೋಗುತ್ತೀರಿ.

ಸಿಕ್ಕ ಸಂಖ್ಯೆಯ ಅರ್ಥವೇನು? 1947ರಲ್ಲಿ ಮೋರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಬಿಸಿ ಮತ್ತು ಚರ್ಮ ಸುಡಲು ತಗಲುವ ಸಮಯದ ಸಂಬಂಧವನ್ನು ಪರೀಕ್ಷಿಸಿ ತೋರಿಸಿದರು. ಇಂದಿಗೂ ಎಲ್ಲರೂ ಆಧರಿಸುವುದು ಅದನ್ನೇ. 49 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಐದು ನಿಮಿಷಕ್ಕೂ ಹೆಚ್ಚು ಬೇಕು. 55 ಡಿಗ್ರಿಗೆ ಅರ್ಧ ನಿಮಿಷದಷ್ಟು ಸಾಕು. 60 ಡಿಗ್ರಿಯಾದರೆ ಐದು ಸೆಕೆಂಡು. ಮಕ್ಕಳ ಚರ್ಮ ತೆಳು, ಅವರಿಗೆ ಇನ್ನೂ ಬೇಗ. ಮೇಲಾಗಿ ದೊಡ್ಡವರು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ, ಚಿಕ್ಕ ಮಗು ಬೆದರಿ ನಿಂತಲ್ಲೇ ನಿಂತು ಅಳುತ್ತದೆ. 50 ಮತ್ತು 60ರ ನಡುವಿನ ಹತ್ತು ಡಿಗ್ರಿಯಲ್ಲೇ ಮಗುವಿನ ಸುರಕ್ಷತೆಯ ಬಹುಪಾಲು ಅಡಗಿದೆ.

ವಿದ್ಯುತ್ ಗೀಸರ್ ಇದ್ದವರ ಕೆಲಸ ಸುಲಭ. 15 ಅಥವಾ 25 ಲೀಟರಿನ ಗೀಸರಿನ ತಳದಲ್ಲಿ ಬಿಸಿ ಹೊಂದಿಸುವ ಗುಂಡಿ ಇರುತ್ತದೆ. ಕೆಲವುದರಲ್ಲಿ ಅದು ಮುಚ್ಚಳದ ಒಳಗಿರುತ್ತದೆ, ಅದನ್ನು ಎಲೆಕ್ಟ್ರಿಷಿಯನ್ನನೇ ತೆರೆಯಲಿ. 50 ಡಿಗ್ರಿಗೆ ತಂದು, ಮಾರನೆಯ ದಿನ ನಲ್ಲಿಯಲ್ಲಿ ಮತ್ತೆ ಅಳೆಯಿರಿ, ಏಕೆಂದರೆ ಗುಂಡಿಯ ಮೇಲಿನ ಗುರುತಿಗೂ ನೀರಿನ ನಿಜವಾದ ಬಿಸಿಗೂ ಹಲವು ಬಾರಿ ವ್ಯತ್ಯಾಸ ಇರುತ್ತದೆ. ಇನ್ನೂ ಕಡಿಮೆ ಮಾಡೋಣವೇ ಎಂದರೆ ಬೇಡ. ತೊಟ್ಟಿಯಲ್ಲಿ ನಿಂತ ನೀರು 45ಕ್ಕಿಂತ ಕೆಳಗೆ ಬೆಚ್ಚಗೆ ಉಳಿದರೆ ರೋಗಾಣುಗಳು ಬೆಳೆಯುತ್ತವೆ. ಮೂರು ಲೀಟರಿನ ಇನ್‌ಸ್ಟಂಟ್ ಗೀಸರುಗಳಲ್ಲಿ ಸಾಮಾನ್ಯವಾಗಿ ಇಂಥ ಗುಂಡಿಯೇ ಇರುವುದಿಲ್ಲ. ಅವುಗಳಿಂದ ಮೊದಲು ಬರುವ ನೀರು ಬಹಳ ಬಿಸಿ, ಆದ್ದರಿಂದ ಅದನ್ನು ಬಕೆಟ್ಟಿಗೇ ಹಿಡಿಯಬೇಕು, ಮಗುವನ್ನು ನಲ್ಲಿಯ ಕೆಳಗೆ ನಿಲ್ಲಿಸಬಾರದು.

ಸೋಲಾರಿನ ಕಷ್ಟವೇ ಬೇರೆ. ಅದಕ್ಕೆ ನಿಲ್ಲು ಎನ್ನುವವರಿಲ್ಲ. ಮನೆಯವರು ಎರಡು ದಿನ ಮದುವೆಗೆ ಹೋಗಿ ಬಂದರೆ, ಬಳಸದೆ ಉಳಿದ ನೀರು 70 ಡಿಗ್ರಿ ದಾಟಿರುತ್ತದೆ. ಸಾಮಾನ್ಯ ಮಿಕ್ಸರ್ ನಲ್ಲಿ ಇಲ್ಲಿ ಸಾಲದು. ನೀವು ಹದ ಮಾಡಿಟ್ಟು ಟವೆಲ್ ತರಲು ತಿರುಗಿದಾಗ ಹಿತ್ತಲಲ್ಲಿ ಯಾರೋ ತಣ್ಣೀರಿನ ನಲ್ಲಿ ತಿರುಗಿಸುತ್ತಾರೆ, ತಣ್ಣೀರಿನ ಪೈಪಿನ ಒತ್ತಡ ಇಳಿಯುತ್ತದೆ, ಶವರಿನಿಂದ ಬರುವ ನೀರು ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ನಲ್ಲಿಯನ್ನು ಯಾರೂ ಮುಟ್ಟಿರುವುದಿಲ್ಲ.

ಇದಕ್ಕೆ ಪರಿಹಾರ ಥರ್ಮೋಸ್ಟ್ಯಾಟಿಕ್ ಮಿಕ್ಸಿಂಗ್ ವಾಲ್ವ್. ಬಿಸಿ ಮತ್ತು ತಣ್ಣೀರು ಸೇರುವಲ್ಲಿ ಕೂರುವ ಈ ವಾಲ್ವಿನೊಳಗೆ ಬಿಸಿಗೆ ಹಿಗ್ಗುವ ಮೇಣದ ಪುಟ್ಟ ಕೊಳವೆ ಇರುತ್ತದೆ. ಹೊರಬರುವ ನೀರು ಬಿಸಿಯಾದಷ್ಟೂ ಅದು ಹಿಗ್ಗಿ ಬಿಸಿನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಮಕ್ಕಳ ಸ್ನಾನಕ್ಕೆ 40 ಡಿಗ್ರಿ ದಾಟದಂತೆ ಹೊಂದಿಸಿದರೆ ಸರಿ. ಕೊಳ್ಳುವ ಮೊದಲು ನಮ್ಮ ಕಡೆಯವರು ಎರಡು ವಿಷಯ ನೋಡಬೇಕು. ಒಂದು, ಒತ್ತಡ. ನಮ್ಮದು ಪಂಪಿನ ಒತ್ತಡವಲ್ಲ, ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಎಂಬ ಲೆಕ್ಕದಲ್ಲಿ, ಟ್ಯಾಂಕಿನ ತಳ ನಲ್ಲಿಗಿಂತ ನಾಲ್ಕೂವರೆ ಮೀಟರ್ ಮೇಲಿದ್ದರೆ ಸಿಗುವುದು 0.45 ಬಾರ್ ಮಾತ್ರ. ಒಂದು ಬಾರ್ ಬೇಡುವ ವಾಲ್ವ್ ತಂದರೆ ಶವರಿನಲ್ಲಿ ನೀರು ತೊಟ್ಟಿಕ್ಕುತ್ತದೆ, ಮನೆಯವರು ಬೇಸತ್ತು ಅದನ್ನು ಕಿತ್ತುಹಾಕುತ್ತಾರೆ. ಕನಿಷ್ಠ ಒತ್ತಡ ಎಷ್ಟೆಂದು ಪೆಟ್ಟಿಗೆಯ ಮೇಲೆ ಓದಿಯೇ ತನ್ನಿ. ಎರಡು, ನಮ್ಮ ಕೆಂಪು ಮಣ್ಣಿನ ನೀರಿನ ಕಬ್ಬಿಣದ ಕೆಸರು. ಎರಡೂ ಪೈಪುಗಳಿಗೆ ಜಾಲರಿಯ ಸೋಸುಕ ಮತ್ತು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವು ಬೇಕೇ ಬೇಕು. ಮಳೆಗಾಲ ಮುಗಿದ ಮೇಲೆ ಜಾಲರಿ ಬಿಚ್ಚಿ ತೊಳೆಯಿರಿ.

ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳ. ಹದವಾದ ನೀರು ಬರುತ್ತಿರುವಾಗ ತಣ್ಣೀರಿನ ಪೈಪನ್ನು ಮಾತ್ರ ಬಂದ್ ಮಾಡಿ, ನಿಮ್ಮ ಕೈಯನ್ನು ನೀರಿನಿಂದ ದೂರ ಇಡಿ. ಕೆಲವೇ ಸೆಕೆಂಡುಗಳಲ್ಲಿ ನೀರು ನಿಲ್ಲಬೇಕು ಇಲ್ಲವೇ ಸಣ್ಣ ಹನಿಯಾಗಬೇಕು. ಬಿಸಿನೀರು ಧಾರಾಳವಾಗಿ ಬರುತ್ತಲೇ ಇದ್ದರೆ ವಾಲ್ವ್ ಕೆಟ್ಟಿದೆ, ಅಂದಿನಿಂದ ಮಗುವಿಗೆ ಬಕೆಟ್ ಸ್ನಾನವೇ. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿ.

ಬೇಸಿನ್ನಿಗೆ ಮಾತ್ರ ಇಷ್ಟು ಖರ್ಚು ಬೇಡ. ಬೇಸಿನ್ನಿನ ಕೆಳಗೆ ಗೋಡೆಯಿಂದ ಎರಡು ಆ್ಯಂಗಲ್ ಕಾಕ್ ಹೊರಟಿರುತ್ತವೆ. ಬಿಸಿನೀರಿನದ್ದನ್ನು ಪೂರ್ತಿ ಮುಚ್ಚಿ, ಹಿಡಿಕೆಯನ್ನು ಬಿಚ್ಚಿ ಎತ್ತಿಡಿ. ನಮ್ಮ ಹವೆಗೆ ಕೈ ತೊಳೆಯಲು ಬಿಸಿನೀರು ಯಾರಿಗೂ ಬೇಕಿಲ್ಲ. ಒಂದು ನಯಾಪೈಸೆ ಖರ್ಚಿಲ್ಲದೆ ಸ್ಟೂಲಿನ ಅತಿದೊಡ್ಡ ಅಪಾಯ ಇಲ್ಲಿಗೇ ಮುಗಿಯುತ್ತದೆ.

ಹಂಡೆಯ ಮನೆಗಳಿಗೆ

ಹಂಡೆಯ ನೀರು ಮಗುವಿಗೆ ಎಲ್ಲಕ್ಕಿಂತ ಅಪಾಯಕಾರಿ. ಅಡಿಕೆ ಸಿಪ್ಪೆಯ ಬೆಂಕಿ ಹೊಗೆಯಾಡುತ್ತಾ ರಾತ್ರಿಯಿಡೀ ಇರುತ್ತದೆ. ಬೆಳಗ್ಗೆ ಒಲೆ ಆರಿದಂತೆ ಕಂಡರೂ ನೀರು ಕುದಿಯುವ ಹತ್ತಿರಕ್ಕಿರುತ್ತದೆ. ಮೇಲ್ಮೈ ತಣ್ಣಗಿದ್ದಂತೆ ತೋರುವುದರಿಂದ ಮೋಸವೂ ಹೆಚ್ಚು.

ಅಮ್ಮಮ್ಮನ ಬಕೆಟ್ಟಿನ ಲೆಕ್ಕವನ್ನು ನೋಡಿ. ಹುಡುಗಿಗೆ 38 ಡಿಗ್ರಿಯ ನೀರು ಬೇಕು, ಬಾವಿಯ ನೀರು 25 ಡಿಗ್ರಿ ಇದೆ, ಬಕೆಟ್ಟಿಗೆ 15 ಲೀಟರ್ ಹಿಡಿಯುತ್ತದೆ. ಸೋಲಾರಿನ ನೀರು 65 ಡಿಗ್ರಿ ಇದ್ದ ದಿನ ಮೂರರಲ್ಲಿ ಒಂದು ಪಾಲು, ಅಂದರೆ ಐದು ಲೀಟರ್ ಬಿಸಿನೀರು, ಹತ್ತು ಲೀಟರ್ ತಣ್ಣೀರು ಬೇಕಾಗುತ್ತದೆ. ಇದು ಅವರ ಕೈಗೆ ರೂಢಿಯಾಗಿದೆ. ಆದರೆ ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟಾಗ ಹಂಡೆ ಹತ್ತುತ್ತದೆ. 90 ಡಿಗ್ರಿಯ ಹಂಡೆಯ ನೀರನ್ನು ಅದೇ ರೂಢಿಯಲ್ಲಿ ಮೂರನೆಯ ಒಂದು ಪಾಲು ಸುರಿದರೆ ಬಕೆಟ್ಟಿನ ಬಿಸಿ 46 ಡಿಗ್ರಿ ದಾಟುತ್ತದೆ. ದೊಡ್ಡವರಿಗೆ ಅದು ಸುಡು ಸುಡು ಸ್ನಾನ, ಮೂರು ವರ್ಷದ ಮೈಗೆ ಸಲ್ಲದ ನೀರು. ಹಂಡೆಯ ನೀರು ಐದರಲ್ಲಿ ಒಂದು ಪಾಲು, ಮೂರು ಲೀಟರಿನಷ್ಟು ಮಾತ್ರ ಸಾಕು.

ಆದ್ದರಿಂದ ಮಗುವಿಗೆಂದು ಒಂದೇ ಬಕೆಟ್ ಮೀಸಲಿಡಿ. ಅದರ ಒಳಗೆ ಅಳಿಸಿ ಹೋಗದ ಬಣ್ಣದಿಂದ ಎರಡು ಗೆರೆ ಎಳೆಯಿರಿ: ಸೋಲಾರಿನ ದಿನ ತಣ್ಣೀರು ಹತ್ತು ಲೀಟರಿನ ಗೆರೆಯವರೆಗೆ, ಹಂಡೆಯ ದಿನ ಹನ್ನೆರಡು ಲೀಟರಿನ ಗೆರೆಯವರೆಗೆ. ಯಾವಾಗಲೂ ತಣ್ಣೀರು ಮೊದಲು, ಬಿಸಿ ಆಮೇಲೆ. ಕೈಯಿಂದ ತಳದವರೆಗೆ ಕಲಕಿ, ಮೊಣಕೈ ಅದ್ದಿ ನೋಡಿ; ಕೆಲಸ ಮಾಡಿ ಗಟ್ಟಿಯಾದ ಅಂಗೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಬಿಸಿನೀರು ಹದವಾಗುವವರೆಗೆ ಮಗು ಬಚ್ಚಲಿನ ಹೊರಗೇ ಇರಲಿ.

ಹಂಡೆಗೆ ಭಾರದ ಮುಚ್ಚಳ ಬೇಕು, ಒಲೆಯ ಬಾಯಿ ಹೊರಗಿನಿಂದ ಇರಬೇಕು. ಒಲೆಯ ಬಾಯಿ ಒಳಗೇ ಇದ್ದರೆ ಹಂಡೆಯ ಕಟ್ಟೆಯ ಮುಂದೆ ಚಿಲಕದ ಅಡ್ಡಗೇಟು ಹಾಕಿಸಿ. ಬಚ್ಚಲಲ್ಲಿ ಸಿಮೆಂಟಿನ ನೀರಿನ ತೊಟ್ಟಿ ಇದ್ದ ಮನೆಗಳಲ್ಲಿ ತೊಟ್ಟಿಗೂ ಮುಚ್ಚಳ ಮಾಡಿಸಿ. ತಲೆಕೆಳಗಾಗಿ ಬಿದ್ದ ಮಗು ಬಕೆಟ್ಟಿನ ಅಂಗೈ ಆಳದ ನೀರಿನಲ್ಲೂ ಮುಳುಗುತ್ತದೆ, ಕೂಗುವುದಕ್ಕೂ ಆಗುವುದಿಲ್ಲ. ಸ್ನಾನ ಮುಗಿದ ಕೂಡಲೇ ಬಕೆಟ್ ಬರಿದು ಮಾಡಿ ಬೋರಲು ಹಾಕಿ.

ನೀರು ಕಾಯಿಸುವ ಕಾಯಿಲ್ ರಾಡ್ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಇರಬಾರದು. ಮುಚ್ಚಿದ ಕೋಣೆಯಲ್ಲಿ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ.

ಇಷ್ಟರ ಮೇಲೂ ಸುಟ್ಟರೆ, ಆ ಜಾಗವನ್ನು ಹರಿಯುವ ತಣ್ಣನೆಯ ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಬಹಳ ಹೊತ್ತು ಅನ್ನಿಸುತ್ತದೆ, ಗಡಿಯಾರ ನೋಡಿ. ಬಟ್ಟೆ ಚರ್ಮಕ್ಕೆ ಅಂಟಿರದಿದ್ದರೆ ತೆಗೆಯಿರಿ, ಮೈಯ ಉಳಿದ ಭಾಗವನ್ನು ಬೆಚ್ಚಗೆ ಹೊದಿಸಿ. ಟೂತ್‌ಪೇಸ್ಟ್, ಎಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ, 108ಕ್ಕೆ ಕರೆ ಮಾಡಿ. ಘಟ್ಟದ ಹಳ್ಳಿಗಳಿಂದ ಆಸ್ಪತ್ರೆಗೆ ದಾರಿ ದೂರ, ಆದ್ದರಿಂದ ಈ ಮೊದಲ ಇಪ್ಪತ್ತು ನಿಮಿಷಗಳ ತಣ್ಣೀರಿಗೆ ಇಲ್ಲಿ ಇನ್ನೂ ಹೆಚ್ಚು ಬೆಲೆ ಇದೆ.

ಎರಡನೆಯ ಹೆಜ್ಜೆ: ನೆಲ

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲಿನ ನೆಲ ಒಣಗುವುದೇ ಇಲ್ಲ. ಜಾರುವುದಕ್ಕೆ ಕಾರಣ ನೀರೊಂದೇ ಅಲ್ಲ, ನೀರಿನ ಕೆಳಗೆ ಕೂತ ಸೋಪಿನ ಪದರ ಮತ್ತು ಹಾವಸೆ. ಹಾಗಾಗಿ ಮೊದಲು ನೀರು ನಿಲ್ಲುವುದನ್ನು ತಪ್ಪಿಸಬೇಕು.

ಒಂದು ಚೊಂಬು ನೀರನ್ನು ನೆಲಕ್ಕೆ ಚೆಲ್ಲಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಎಲ್ಲಿ ನೀರು ಉಳಿದಿದೆಯೋ ಅಲ್ಲಿ ವಾಟ ತಪ್ಪಿದೆ, ಹಾವಸೆ ಅಲ್ಲಿಂದಲೇ ಶುರುವಾಗುತ್ತದೆ. ಎಂಬತ್ತು ಸೆಂ.ಮೀ.ಗೆ ಒಂದು ಸೆಂ.ಮೀ. ಇಳಿಜಾರು ಸಾಕು. ನಮ್ಮ ಉದಾಹರಣೆಯ ಬಾತ್‌ರೂಮಿನ 2.4 ಮೀಟರ್ ಉದ್ದಕ್ಕೆ ಅದು ಮೂರು ಸೆಂ.ಮೀ. ಇದಕ್ಕಿಂತ ತೀರಾ ಹೆಚ್ಚು ಕೊಟ್ಟರೆ ಸ್ಟೂಲು ಓಲಾಡುತ್ತದೆ, ಮಗುವಿನ ನಡಿಗೆಯೂ ತಪ್ಪುತ್ತದೆ. ಬೇಸಿನ್ನಿನ ಮುಂದಿನ ಜಾಗವನ್ನು ಆದಷ್ಟು ಮಟ್ಟಸವಾಗಿಟ್ಟು, ಸ್ನಾನದ ಕಡೆಗೆ ವಾಟ ಕೊಡಿಸುವುದು ಒಳ್ಳೆಯದು.

ಹೊಸ ಟೈಲ್ಸ್ ಹಾಕಿಸುವವರು ಹೊಳೆಯುವ ದೊಡ್ಡ ಟೈಲ್ಸನ್ನು ಗೋಡೆಗೆ ಬಿಡಿ, ನೆಲಕ್ಕೆ ಒರಟು ಮೈಯ ಚಿಕ್ಕ ಟೈಲ್ಸ್ ಹಾಕಿಸಿ. ಚಿಕ್ಕದಾದಷ್ಟೂ ಸಂದುಗಳು ಹೆಚ್ಚು, ಪಾದಕ್ಕೆ ಹಿಡಿತ ಹೆಚ್ಚು. ಪೆಟ್ಟಿಗೆಯ ಮೇಲೆ ಆರ್ 10, ಆರ್ 11 ಎಂಬ ಗುರುತು ಇರುತ್ತದಲ್ಲ, ಅದು ಬೂಟು ಹಾಕಿ ನಡೆದು ನೋಡಿದ ಪರೀಕ್ಷೆಯದು. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆ ಇದೆ. ಸೋಪುನೀರು ಹರಿಯುವಲ್ಲಿ ಬಿ ಅಥವಾ ಸಿ ಕೇಳಿ. ಅಂಗಡಿಯಲ್ಲಿ ಅದು ಗೊತ್ತಿಲ್ಲವೆಂದರೆ ಒಂದು ಟೈಲನ್ನು ಮನೆಗೆ ತಂದು, ಸೋಪುನೀರು ಸುರಿದು, ಗೋಡೆ ಹಿಡಿದುಕೊಂಡು ಬರಿಗಾಲಿನಿಂದ ಹಿಮ್ಮಡಿ ಒತ್ತಿ ಮುಂದಕ್ಕೆ ತಳ್ಳಿ. ಕಾಲು ಸರಾಗವಾಗಿ ಸರಿದರೆ ಅದು ಬೇಡ.

ಇದ್ದ ನೆಲವನ್ನೇ ಉಳಿಸಿಕೊಳ್ಳುವವರು ಮ್ಯಾಟ್ ತರುತ್ತಾರೆ. ಕೆಳಗೆ ರಬ್ಬರಿನ ಬಟ್ಟಲುಗಳಿರುವ ಮ್ಯಾಟು ನುಣುಪಾದ ನೆಲಕ್ಕೆ ಮಾತ್ರ ಅಂಟುತ್ತದೆ. ಒರಟು ಟೈಲ್ಸ್ ಅಥವಾ ಸಿಮೆಂಟಿನ ಮೇಲೆ ಅದು ಹಿಡಿಯುವುದಿಲ್ಲ, ಮ್ಯಾಟಿನ ಸಮೇತ ಮಗು ಜಾರುತ್ತದೆ. ಅಂಥ ನೆಲಕ್ಕೆ ಉಜ್ಜುಕಾಗದದಂತೆ ಒರಟಾದ ಅಂಟುಪಟ್ಟಿಗಳನ್ನು ಅಂಗೈ ಅಗಲದ ಅಂತರದಲ್ಲಿ ಹಾಕುವುದು ಉತ್ತಮ. ಮ್ಯಾಟ್ ಹಾಕಿದರೆ ದಿನವೂ ಎತ್ತಿ ತೂಗುಹಾಕಬೇಕು. ಎತ್ತದೆ ಬಿಟ್ಟರೆ ಹಾವಸೆ ಬೆಳೆಯುವುದು ಅದರ ಕೆಳಗೇ.

ಹಾವಸೆ ತೆಗೆಯಲು ಐದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ನೆಲಕ್ಕೆ ಹರಡಿ, ಹತ್ತು ನಿಮಿಷದ ನಂತರ ಗಟ್ಟಿ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೇಕು. ಬ್ಲೀಚಿಂಗ್ ಪೌಡರ್ ಬಳಸಿದ ದಿನ ಆಸಿಡ್ಡಾಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಅದೇ ನೆಲಕ್ಕೆ ಬೀಳಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಬಚ್ಚಲಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಕಡಪ ಕಲ್ಲು ಹಾಸಿದ ಮನೆಯವರು ಆಸಿಡ್ಡನ್ನು ಮರೆತೇಬಿಡಿ, ಅದು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ.

ದೀಪಾವಳಿಯ ಎಣ್ಣೆಸ್ನಾನದ ದಿನ ಮಾತ್ರ ಯಾವ ಟೈಲ್ಸೂ ಕಾಪಾಡುವುದಿಲ್ಲ. ಎಣ್ಣೆ ಹಚ್ಚುವುದನ್ನು ಬಚ್ಚಲಿನ ಹೊರಗೆ, ಹಳೆಯ ಗೋಣಿಚೀಲದ ಮೇಲೆ ಮಾಡಿ. ಒಳಗೆ ಮಗುವನ್ನು ತಗ್ಗಿನ ಮಣೆಯ ಮೇಲೆ ಕೂರಿಸಿಯೇ ಸ್ನಾನ ಮಾಡಿಸಿ. ಒಬ್ಬರ ಸ್ನಾನವಾದ ಮೇಲೆ ಸೀಗೆಪುಡಿ ಹಾಕಿ ನೆಲ ತಿಕ್ಕಿದ ನಂತರವೇ ಇನ್ನೊಬ್ಬರು ಹೋಗಲಿ.

ಮೂರನೆಯ ಹೆಜ್ಜೆ: ಸ್ಟೂಲಿನ ಅಳತೆ

ಬೇಸಿನ್ನಿನ ಅಂಚು ಮಗುವಿನ ಮೊಣಕೈ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಮೇಲಿದ್ದರೆ ನೀರು ತೋಳಿನ ಗುಂಟ ಕಂಕುಳಿಗೆ ಇಳಿಯುತ್ತದೆ, ಮಗು ತುದಿಗಾಲಲ್ಲಿ ನಿಲ್ಲುತ್ತದೆ. ತೀರಾ ಕೆಳಗಿದ್ದರೆ ಬಗ್ಗಿ ಮುಂದಕ್ಕೆ ಮುಗ್ಗರಿಸುತ್ತದೆ. ನಿಂತ ಮಗುವಿನ ಮೊಣಕೈ ಎತ್ತರ ಅದರ ಎತ್ತರದ ನೂರಕ್ಕೆ ಅರವತ್ತರಷ್ಟಿರುತ್ತದೆ. ನಮ್ಮ ಹುಡುಗಿಯದು 57 ಸೆಂ.ಮೀ. ಬೇಸಿನ್ 82ರಲ್ಲಿದೆ. ವ್ಯತ್ಯಾಸ 25 ಸೆಂ.ಮೀ., ಅದೇ ಸ್ಟೂಲಿನ ಎತ್ತರ.

ಮೂರು ವರ್ಷದ ಕಾಲಿಗೆ 25 ಸೆಂ.ಮೀ. ಒಂದೇ ಹೆಜ್ಜೆಗೆ ಹೆಚ್ಚಾಯಿತು. ಹನ್ನೆರಡೂವರೆ ಸೆಂ.ಮೀ.ಯ ಎರಡು ಮೆಟ್ಟಿಲು ಬೇಕು. ಐದು ವರ್ಷಕ್ಕೆ ಅವಳು ಸುಮಾರು 109 ಸೆಂ.ಮೀ. ಆದಾಗ ಮೊಣಕೈ 65ಕ್ಕೆ ಬರುತ್ತದೆ, ಆಗ 17 ಸೆಂ.ಮೀ. ಸಾಕು. ಆದ್ದರಿಂದ ಸ್ಟೂಲಿನ ಕಾಲುಗಳನ್ನು ಮುಂದೆ ಕೊಯ್ದು ತಗ್ಗಿಸಲು ಬರುವಂತೆ ಗಟ್ಟಿ ಮರದಲ್ಲಿ ಮಾಡಿಸಿದರೆ ಒಂದೇ ಸ್ಟೂಲು ಶಾಲೆಗೆ ಹೋಗುವವರೆಗೂ ಬರುತ್ತದೆ.

ಮರದ್ದು ಏಕೆಂದರೆ ಹಗುರವಾದ ಪ್ಲಾಸ್ಟಿಕ್ ಸ್ಟೂಲು ಒದ್ದೆ ನೆಲದಲ್ಲಿ ಹಿಂದಕ್ಕೆ ಸರಿಯುತ್ತದೆ. ಮಗು ಕೈ ತೊಳೆಯುವುದನ್ನು ಪಕ್ಕದಿಂದ ಒಮ್ಮೆ ಗಮನಿಸಿ ನೋಡಿ: ಹೊಟ್ಟೆಯನ್ನು ಬೇಸಿನ್ನಿಗೆ ಒತ್ತಿ ಮುಂದಕ್ಕೆ ಬಾಗುತ್ತದೆ, ಆ ಒತ್ತಡಕ್ಕೆ ಪಾದಗಳು ಸ್ಟೂಲನ್ನು ಹಿಂದಕ್ಕೆ ತಳ್ಳುತ್ತವೆ. ಬೀಳುವಾಗ ಗದ್ದ ಬೇಸಿನ್ನಿನ ಅಂಚಿಗೆ ಬಡಿಯುವುದು ಇದರಿಂದಲೇ. ಆಚಾರಿಯ ಹತ್ತಿರ ಹಲಸಿನ ಅಥವಾ ಸಾಗವಾನಿ ಹಲಗೆಯಲ್ಲಿ ಮಾಡಿಸಿ. ಮೇಲಿನ ಮೆಟ್ಟಿಲು 40 ಸೆಂ.ಮೀ. ಅಗಲ, 30 ಸೆಂ.ಮೀ. ಆಳ ಇರಲಿ, ಕೆಳಗಿನದು 22 ಸೆಂ.ಮೀ. ಆಳ. ಕಾಲುಗಳು ಮೇಲಿನ ಹಲಗೆಗಿಂತ ಸ್ವಲ್ಪ ಹೊರಕ್ಕೆ ಹರಡಿರಬೇಕು. ನೀರು ಇಳಿಯಲು ಹಲಗೆಗಳ ನಡುವೆ ಐದು ಮಿಲಿಮೀಟರ್ ಸಂದು ಬಿಟ್ಟರೆ ಸಾಕು. ಅದಕ್ಕಿಂತ ಅಗಲವಾದರೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣದ ಸ್ಕ್ರೂ ಬಹಳ ದಿನ ತಾಳುವುದಿಲ್ಲ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ.

ಬಣ್ಣದ ವಿಷಯಕ್ಕೆ ಬಂದರೆ, ಹುಳು ಹಿಡಿಯದಿರಲೆಂದು ನಮ್ಮ ಕಡೆ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದುಂಟು. ಮಕ್ಕಳು ಬರಿಗಾಲಲ್ಲಿ ನಿಲ್ಲುವ ಸ್ಟೂಲಿಗೆ ಅದು ಬೇಡ, ಅದು ಚರ್ಮದಲ್ಲಿ ಗುಳ್ಳೆ ಎಬ್ಬಿಸುತ್ತದೆ. ವಾರ್ನಿಶ್ ಒದ್ದೆಯಾದರೆ ಜಾರುತ್ತದೆ. ಅಗಸೆ ಎಣ್ಣೆ ಉಜ್ಜಿ ಚೆನ್ನಾಗಿ ಒಣಗಿಸಿ, ಮೆಟ್ಟಿಲುಗಳ ಮೇಲೆ ಒರಟು ಪಟ್ಟಿ ಅಂಟಿಸಿ. ಕಾಲುಗಳಿಗೆ ಊರುಗೋಲಿಗೆ ಹಾಕುವಂಥ ರಬ್ಬರ್ ಬುಷ್ ತೊಡಿಸಿ. ಬುಷ್ಷಿನ ತಳದ ಗೀರುಗಳು ಸವೆದು ನುಣುಪಾದ ದಿನವೇ ಬದಲಿಸಿ.

ಒಳಗಿಟ್ಟ ಮೇಲೆ ಎರಡು ಪರೀಕ್ಷೆ ಮಾಡಿ. ಮೇಲಿನ ಮೆಟ್ಟಿಲಿನ ಅಂಚುಗಳನ್ನು ಒಂದೊಂದಾಗಿ ಕೈಯಿಂದ ಬಲವಾಗಿ ಒತ್ತಿ, ಯಾವ ಕಾಲೂ ಏಳಬಾರದು. ನೆಲಕ್ಕೆ ಸೋಪುನೀರು ಹಾಕಿ ಸ್ಟೂಲನ್ನು ಬೇಸಿನ್ನಿನ ಕಡೆಯಿಂದ ಹಿಂದಕ್ಕೆ ತಳ್ಳಿ, ಸರಾಗವಾಗಿ ಸರಿಯಬಾರದು. ಮಗುವಿನ ಕಾಲ್ಬೆರಳುಗಳು ಬೇಸಿನ್ನಿನ ಅಂಚಿನ ಕೆಳಗೆ ಬರುವಷ್ಟು ಸ್ಟೂಲು ಒಳಗೆ ತೂರಿರಲಿ, ಆಗ ಬಾಗುವುದೇ ಕಡಿಮೆಯಾಗುತ್ತದೆ.

ತಗ್ಗಿನ ಬೇಸಿನ್ ಯಾರಿಗೆ?

ಒಂದೇ ಮಗುವಿರುವ ಮನೆಗೆ ತಗ್ಗಿನ ಬೇಸಿನ್ ದಂಡ ಎನ್ನುವುದು ನನ್ನ ಅಭಿಪ್ರಾಯ. ಏಳೆಂಟು ವರ್ಷಕ್ಕೆ ಅದು ಕೆಲಸಕ್ಕೆ ಬಾರದು. ಕೂಡು ಕುಟುಂಬ, ಹೋಮ್‌ಸ್ಟೇ, ಅಂಗನವಾಡಿಗಳಿಗೆ ಮಾತ್ರ 55ರಿಂದ 60 ಸೆಂ.ಮೀ. ಎತ್ತರದಲ್ಲಿ ಒಂದು ಹಾಕಿಸಬಹುದು. ಅದರ ನೀರನ್ನು ಗೋಡೆಯೊಳಗಿನ ಹಳೆಯ ಕೊಳವೆಗೆ ಸೇರಿಸಲು ಹೋಗಬೇಡಿ, ಆ ಕೊಳವೆ ದೊಡ್ಡವರ ಬೇಸಿನ್ನಿನ ಲೆಕ್ಕಕ್ಕೆ ಎತ್ತರದಲ್ಲಿರುತ್ತದೆ, ನೀರು ಇಳಿಯದೆ ನಿಲ್ಲುತ್ತದೆ. ನೆಲದ ಟ್ರ್ಯಾಪಿಗೆ ಬಿಡುವುದು ಸರಳ.

ಗೋಡೆಗೆ ಹಿಡಿಸುವಾಗ ನಮ್ಮ ಚಿರೆಕಲ್ಲು ಕೈಕೊಡುತ್ತದೆ. ರಂಧ್ರ ರಂಧ್ರದ ಕಲ್ಲು ಅದು. ಪ್ಲಾಸ್ಟಿಕ್ ಪ್ಲಗ್ ಹೊಡೆದು ಬೋಲ್ಟ್ ಬಿಗಿದರೆ ಮೊದಲು ಗಟ್ಟಿಯೆನಿಸುತ್ತದೆ, ಮಕ್ಕಳು ಜೋತುಬಿದ್ದಂತೆಲ್ಲ ಸಡಿಲವಾಗುತ್ತದೆ. ತಗ್ಗಿನ ಬೇಸಿನ್ನಿಗೆ ಮಕ್ಕಳು ಜೋತು ಬೀಳದೆ ಇರುವುದಿಲ್ಲ. ಬೋಲ್ಟ್ ಬರುವಲ್ಲಿ ಕಲ್ಲನ್ನು ಅಂಗೈ ಅಗಲ ಕೆತ್ತಿ, ಕಾಂಕ್ರೀಟ್ ತುಂಬಿ, ಅದರಲ್ಲಿ ಬೋಲ್ಟ್ ಕೂರಿಸಿ, ವಾರ ನೀರುಣಿಸಿದ ಮೇಲೆ ಬೇಸಿನ್ ಏರಿಸಿ. ಸಾಧ್ಯವಾದರೆ ಕೆಳಗೆ ಕಲ್ಲಿನ ಆಸರೆ ಕಟ್ಟಿಸಿ. ಇದಾವುದೂ ಬೇಡವೆಂದರೆ ಹಿತ್ತಲ ಬಾಗಿಲ ಬಳಿ, ಕಾಲು ತೊಳೆಯುವಲ್ಲಿ, ಮಗುವಿನ ಎದೆ ಮಟ್ಟಕ್ಕೆ ಒಂದು ತಣ್ಣೀರಿನ ನಲ್ಲಿ ಕೊಡಿಸಿ. ಮಣ್ಣಾಟ ಮುಗಿಸಿ ಬಂದ ಮಕ್ಕಳಿಗೆ ಅದೇ ಹೆಚ್ಚು ಉಪಯೋಗ.

ನಾಲ್ಕನೆಯ ಹೆಜ್ಜೆ: ಕೈಗೆಟುಕದ ಎತ್ತರ

ಕೈ ಮೇಲಕ್ಕೆತ್ತಿದ ಮಗುವಿನ ಬೆರಳ ತುದಿ ಅದರ ಎತ್ತರಕ್ಕಿಂತ ಐದನೆಯ ಒಂದು ಪಾಲು ಮೇಲೆ ಹೋಗುತ್ತದೆ. ನಮ್ಮ ಹುಡುಗಿಗೆ ಅದು 114 ಸೆಂ.ಮೀ. ಸ್ಟೂಲಿನ 25 ಸೇರಿಸಿದರೆ 139. ತುದಿಗಾಲಿಗೆ ಐದಾರು, ವರ್ಷದಲ್ಲಿ ಬೆಳೆಯುವುದಕ್ಕೆ ಇನ್ನೆಂಟು ಸೇರಿಸಿ: 153 ಸೆಂ.ಮೀ. ಅಂದರೆ ಸ್ಟೂಲಿಲ್ಲದ ದಿನಗಳಲ್ಲಿ ಸುರಕ್ಷಿತವಾಗಿದ್ದ ಕನ್ನಡಿಯ ಕಪಾಟು, ಕಿಟಕಿಯ ದಂಡೆ ಎರಡೂ ಈಗ ಅವಳ ವ್ಯಾಪ್ತಿಯಲ್ಲಿವೆ. ಬಾಗಿಲಿಗೆ ಕೊಂಡಿಯಿರುವ ಕಪಾಟಿನ ತಳ ನೆಲದಿಂದ 160 ಸೆಂ.ಮೀ.ಗಿಂತ ಮೇಲಿರಲಿ. ಅದರ ಕೆಳಗೆ ಕಮೋಡ್ ಇರಬಾರದು, ಅದೂ ಒಂದು ಮೆಟ್ಟಿಲೇ.

ಆ ಕಪಾಟಿನೊಳಗೆ ಹೋಗಬೇಕಾದವು ರೇಜರ್, ಬ್ಲೇಡು, ಔಷಧ, ತಲೆಬಣ್ಣ, ಮತ್ತು ಸಕ್ಕರೆ ಮಿಠಾಯಿಯಂತೆ ಕಾಣುವ ಕರ್ಪೂರ ಹಾಗೂ ನುಸಿಗುಳಿಗೆ. ಇವೆರಡೂ ಚಿಕ್ಕ ಮಕ್ಕಳಿಗೆ ವಿಷ. ಬೇಸಿನ್ನಿನ ತೂತಿಗೆ ನುಸಿಗುಳಿಗೆ ಹಾಕುವ ರೂಢಿಯನ್ನು ಮಗು ದೊಡ್ಡದಾಗುವವರೆಗೆ ನಿಲ್ಲಿಸಿ. ಆಸಿಡ್, ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಬಚ್ಚಲಿನಲ್ಲೇ ಇರಬಾರದು, ಹೊರಗೆ ಬೀಗದ ಪೆಟ್ಟಿಗೆಯಲ್ಲಿರಲಿ. ಬಿಡಿಯಾಗಿ ತಂದ ಫಿನಾಯಿಲನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ತುಂಬುವುದನ್ನು ದಯವಿಟ್ಟು ಬಿಡಿ. ಮಗುವಿಗೆ ಬಾಟಲಿಯ ಆಕಾರವೇ ಗುರುತು. ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ, ಆಸಿಡ್ ಮೇಲೆ ಬರುವಾಗ ಗಂಟಲನ್ನು ಎರಡನೆಯ ಬಾರಿ ಸುಡುತ್ತದೆ. ಬಾಯಿ ತೊಳೆಸಿ, ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.

ಮಗುವಿಗೆ ಬೇಕಾದವನ್ನು ಕೈಗೆ ಸಿಗುವಲ್ಲೇ ಇಡಿ: ಸೋಪು, ಬ್ರಶ್ಶು, ಸಣ್ಣ ಟವೆಲ್ ಅವಳ ಎದೆ ಮಟ್ಟದ ಮೊಳೆಯಲ್ಲಿರಲಿ. ಬೇಕಾದದ್ದು ಕೆಳಗೇ ಸಿಕ್ಕರೆ ಮೇಲೆ ಹತ್ತುವ ಕಾರಣವೇ ಕಡಿಮೆ. ಹಿಡಿದುಕೊಳ್ಳಲು 55 ಸೆಂ.ಮೀ. ಎತ್ತರದಲ್ಲಿ ಗಟ್ಟಿ ಸರಳು ಹಾಕಿಸಿ. ಟವೆಲ್ ತೂಗುವ ಸರಳು ಭಾರ ತಾಳುವುದಿಲ್ಲ, ಮಗುವಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಇವೆಲ್ಲ ಆದ ಮೇಲೆ ಬಾಗಿಲು ನೋಡಿ. ಒಳಗಿನ ತಗ್ಗಿನ ಚಿಲಕವನ್ನು ತೆಗೆಸಿ, ಕಪಾಟಿನಂತೆಯೇ 160 ಸೆಂ.ಮೀ.ಗೆ ಏರಿಸಿ, ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯಬಹುದಾದ ಬೀಗ ಸಿಕ್ಕರೆ ಅದನ್ನೇ ಹಾಕಿಸಿ. ಯಾರೂ ಬಳಸದಿರುವಾಗ ಮಗು ಒಬ್ಬಳೇ ಒಳಗೆ ಹೋಗದಂತೆ ಹೊರಗಿನಿಂದಲೂ ಎತ್ತರದಲ್ಲಿ ಒಂದು ಚಿಲಕ ಬೇಕು. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚಿಲಕ ತೂತಿಗೆ ಕೂರುವುದಿಲ್ಲ, ಆಗ ಬಾಗಿಲನ್ನು ಹಾಗೆಯೇ ಓರೆ ಬಿಡುತ್ತಾರೆ. ಜೂನ್‌ಗೆ ಮೊದಲೇ ಆಚಾರಿಯನ್ನು ಕರೆಸಿ ಬಾಗಿಲಿನ ಅಂಚನ್ನು ಕೀಸಿಸಿಡಿ.